ಉಳಿದ 40 ಲಕ್ಷದಲ್ಲಿ ನಿಜವಾದ ಉಳಿತಾಯವೆಷ್ಟು?

ಉಡುಪಿಯ ಸಮೀಪ ಒಂದು ವಿದ್ಯಾಸಂಸ್ಥೆ ಮೂರು ಅಂತಸ್ತಿನ ವಿದ್ಯಾರ್ಥಿನಿಲಯ ಕಟ್ಟಿಸುತ್ತಿದೆ ಎಂದಿಟ್ಟುಕೊಳ್ಳೋಣ. ಒಟ್ಟು ಅಂದಾಜು 2 ಕೋಟಿ 40 ಲಕ್ಷ ರೂಪಾಯಿ. ನವೆಂಬರಿನಲ್ಲಿ ಆರಂಭಿಸಿ ಮುಂದಿನ ಅಕ್ಟೋಬರಿಗೆ ಮುಗಿಸಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮೇಲಿನ ತಾರಸಿ ಬಿದ್ದಿರಬೇಕು, ಮಳೆಗಾಲದಲ್ಲಿ ಒಳಗಿನ ಕೆಲಸ ಮಾಡಿಕೊಳ್ಳಬೇಕು ಎಂಬ ಕರಾವಳಿಯ ಲೆಕ್ಕಾಚಾರವೇ ಈ ಯೋಜನೆಯ ಬೆನ್ನೆಲುಬು. ಮೇ ತಿಂಗಳ ಕೊನೆಗೆ 1 ಕೋಟಿ 50 ಲಕ್ಷ ಖರ್ಚಾಗಬೇಕಿತ್ತು, ಆಗಿರುವುದು 1 ಕೋಟಿ 10 ಲಕ್ಷ. ಆಡಳಿತ ಮಂಡಳಿಯ ಸಭೆಯಲ್ಲಿ ಈ ಎರಡು ಅಂಕಿಗಳನ್ನಷ್ಟೇ ಓದಿದರೆ 40 ಲಕ್ಷ ಉಳಿದಿದೆ ಎಂಬ ಸಮಾಧಾನ ಹುಟ್ಟುವುದು ಸಹಜ. ಆದರೆ ಖರ್ಚು ಕಡಿಮೆಯಾದದ್ದು ಕೆಲಸ ಅಗ್ಗವಾಗಿ ನಡೆದುದರಿಂದಲೋ, ಕೆಲಸವೇ ನಡೆಯದೆ ಇದ್ದುದರಿಂದಲೋ ಎಂಬುದನ್ನು ಹೇಳುವ ಶಕ್ತಿ ಈ ಎರಡು ಅಂಕಿಗಳಿಗೆ ಇಲ್ಲ.

ಈ ಕೊರತೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಗಿ ಬಂದದ್ದು ಅಮೆರಿಕದ ರಕ್ಷಣಾ ಇಲಾಖೆ. 1958ರಲ್ಲಿ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಎಂಬ ವೇಳಾಪಟ್ಟಿ ವಿಧಾನವನ್ನು ರೂಪಿಸಿತು. ಅದು ಕಾಲವನ್ನು ನೋಡಿಕೊಳ್ಳುತ್ತಿತ್ತು, ಹಣವನ್ನಲ್ಲ. 1962ರಲ್ಲಿ ರಕ್ಷಣಾ ಇಲಾಖೆಯೂ ನಾಸಾ ಸಂಸ್ಥೆಯೂ ಸೇರಿ ಅದಕ್ಕೆ ವೆಚ್ಚವನ್ನು ಜೋಡಿಸಿ ‘ಪರ್ಟ್/ಕಾಸ್ಟ್’ ಮಾರ್ಗದರ್ಶಿಯನ್ನು ಹೊರಡಿಸಿದವು. ಆ ವಿಧಾನ ಬಹುಕಾಲ ಬಾಳಲಿಲ್ಲ. ಆದರೂ ಅದರೊಳಗಿದ್ದ ಮುಖ್ಯ ವಿಚಾರ ಉಳಿದುಕೊಂಡು, 1967ರ ಡಿಸೆಂಬರಿನಲ್ಲಿ ಇಲಾಖೆ ತನ್ನ ದೊಡ್ಡ ಗುತ್ತಿಗೆದಾರರಿಗೆ ವಿಧಿಸಿದ 35 ಮಾನದಂಡಗಳಲ್ಲಿ ನೆಲೆಗೊಂಡಿತು.

ಆ ಮಾನದಂಡಗಳು ಬಳಸಿದ ಮೂರು ಹೆಸರುಗಳು ಉದ್ದವಾಗಿದ್ದವು: ನಿಗದಿಯಾದ ಕೆಲಸಕ್ಕೆ ಬಜೆಟ್ಟಿನಲ್ಲಿಟ್ಟ ವೆಚ್ಚ, ಮಾಡಿ ಮುಗಿಸಿದ ಕೆಲಸಕ್ಕೆ ಬಜೆಟ್ಟಿನಲ್ಲಿಟ್ಟ ವೆಚ್ಚ, ಮಾಡಿ ಮುಗಿಸಿದ ಕೆಲಸಕ್ಕೆ ನಿಜವಾಗಿ ತಗುಲಿದ ವೆಚ್ಚ. ಇಂದು ಇವು ಯೋಜಿತ ಮೌಲ್ಯ (PV), ಗಳಿಸಿದ ಮೌಲ್ಯ (EV), ವಾಸ್ತವ ವೆಚ್ಚ (AC) ಎಂದು ಚಿಕ್ಕದಾಗಿವೆ. ನನಗೆ ಮಾತ್ರ ಹಳೆಯ ಹೆಸರುಗಳೇ ಮೇಲೆನಿಸುತ್ತವೆ. ಮೊದಲ ಎರಡನ್ನು ಹೋಲಿಸಿದರೆ ಕೆಲಸವಷ್ಟೇ ಬದಲಾಗುತ್ತದೆ, ಕೊನೆಯ ಎರಡನ್ನು ಹೋಲಿಸಿದರೆ ದರವಷ್ಟೇ ಬದಲಾಗುತ್ತದೆ ಎಂಬುದು ಆ ಮಾತುಗಳಲ್ಲೇ ಕಾಣುತ್ತದೆ.

ನಮ್ಮಲ್ಲಿಯೂ ಕೆಡಿಪಿ ಸಭೆಗಳಲ್ಲಿ ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ ಎಂಬ ಎರಡು ಕಲಂಗಳು ಬಹಳ ಹಿಂದಿನಿಂದಲೂ ಇವೆ. ಆದರೆ ಒಂದು ಕಲಂ ಕಿಲೋಮೀಟರು ಅಥವಾ ಕೊಠಡಿಗಳ ಲೆಕ್ಕದಲ್ಲಿ, ಇನ್ನೊಂದು ರೂಪಾಯಿಯಲ್ಲಿ ಇರುವಾಗ ಒಂದರಿಂದ ಇನ್ನೊಂದನ್ನು ಕಳೆಯಲಾಗದು. ಗಳಿಸಿದ ಮೌಲ್ಯದ ವಿಧಾನ ಮಾಡಿದ್ದಿಷ್ಟೇ: ಮುಗಿದ ಕೆಲಸವನ್ನು ಅಳತೆ ಪುಸ್ತಕದ ಪ್ರಕಾರ ಅಳೆದು, ಅದಕ್ಕೆ ಅಂದಾಜುಪಟ್ಟಿಯ ದರವನ್ನೇ ಹಾಕಿ, ಭೌತಿಕ ಪ್ರಗತಿಯನ್ನೂ ರೂಪಾಯಿಗೆ ತಂದಿತು.

ಈಗ ವಿದ್ಯಾರ್ಥಿನಿಲಯಕ್ಕೆ ಮರಳೋಣ. ಮೇ ಕೊನೆಗೆ ಅಳೆದು ನೋಡಿದಾಗ 24 ಲಕ್ಷ ಮೌಲ್ಯದ ಮೇಲಿನ ತಾರಸಿಯ ಕೆಲಸವೂ ಅದರ ಕೆಳಗಿನ ಅಂತಸ್ತಿನ 14 ಲಕ್ಷದ ಕೆಂಪುಕಲ್ಲಿನ ಗೋಡೆಗಳೂ ಆಗಿಲ್ಲ; ಬದಲಿಗೆ ಸೆಪ್ಟೆಂಬರಿನಲ್ಲಿ ಮಾಡಬೇಕಿದ್ದ 8 ಲಕ್ಷದ ಆವರಣ ಗೋಡೆ ಈಗಲೇ ಎದ್ದು ನಿಂತಿದೆ. ಹಾಗಾಗಿ ಗಳಿಸಿದ ಮೌಲ್ಯ 1 ಕೋಟಿ 20 ಲಕ್ಷ. ಲಕ್ಷ ರೂಪಾಯಿಗಳಲ್ಲಿ ಎರಡು ವ್ಯತ್ಯಾಸಗಳು ಹೀಗೆ ಬರುತ್ತವೆ:

```
CV = EV − AC = 120 − 110 = +10
SV = EV − PV = 120 − 150 = −30
```

ಮೊದಲನೆಯದು ವೆಚ್ಚದ ವ್ಯತ್ಯಾಸ, ಎರಡನೆಯದು ವೇಳಾಪಟ್ಟಿಯ ವ್ಯತ್ಯಾಸ. ಸಭೆಗೆ ಒಂದೇ ಗಂಟಾಗಿ ಕಂಡಿದ್ದ 40 ಲಕ್ಷ ಇಲ್ಲಿ ಎರಡಾಗಿ ಬಿಚ್ಚಿಕೊಂಡಿತು. 30 ಲಕ್ಷ ಆಗದೆ ಉಳಿದ ಕೆಲಸದ ಹಣ. ಅದು ಇಂದಲ್ಲ ನಾಳೆ ಖರ್ಚಾಗಲೇಬೇಕು. ಮಾಡಿದ ಕೆಲಸದಲ್ಲಿ ಮಿಕ್ಕಿದ್ದು 10 ಲಕ್ಷ ಮಾತ್ರ.

ಆ ಹತ್ತನ್ನೂ ಹಾಗೆಯೇ ನಂಬುವಂತಿಲ್ಲ. ಗಾರೆ ಮೇಸ್ತ್ರಿಯ ತಂಡ ಮಾಡಿ ಮುಗಿಸಿದ ಒಂದಿಷ್ಟು ಕೆಲಸದ ಬಿಲ್ಲು 6 ಲಕ್ಷದ್ದು ಇನ್ನೂ ಕಚೇರಿಗೆ ಬಂದಿಲ್ಲವೆಂದರೆ, ಕೆಲಸ ಗಳಿಕೆಯ ಕಡೆ ಸೇರಿದೆ, ವೆಚ್ಚ ಸೇರಿಲ್ಲ. ವಾಸ್ತವ ವೆಚ್ಚವೆಂದರೆ ಪಾವತಿಸಿದ ಹಣವಲ್ಲ, ಮುಗಿದ ಕೆಲಸಕ್ಕೆ ತಗುಲಿದ ವೆಚ್ಚ; ಬ್ಯಾಂಕಿನ ಪುಸ್ತಕವನ್ನೇ ಆಧಾರವಾಗಿಟ್ಟುಕೊಳ್ಳುವ ಸಂಸ್ಥೆಗಳು ಎಡವುವುದು ಇಲ್ಲಿಯೇ. ಬಾಕಿ ಬಿಲ್ಲನ್ನು ಸೇರಿಸಿದರೆ ವೆಚ್ಚ 1 ಕೋಟಿ 16 ಲಕ್ಷವಾಗಿ, ಕಬ್ಬಿಣ ಅಂದಾಜಿಗಿಂತ ಕಡಿಮೆ ದರಕ್ಕೆ ಸಿಕ್ಕಿದ್ದರಿಂದ ಬಂದ 4 ಲಕ್ಷವಷ್ಟೇ ನಿಜವಾದ ಉಳಿತಾಯವಾಗಿ ನಿಲ್ಲುತ್ತದೆ.

ಹಿಂದುಳಿಯುವುದೂ ಕಡಿಮೆ ಖರ್ಚೂ ಹೀಗೆ ಜೊತೆಯಾಗಿ ಬರುವುದಕ್ಕೆ ಕಾರಣ ಸರಳವಾಗಿದೆ. ಮರಳು ಸಿಗದೆ ಮೂರು ವಾರ ಕಾಂಕ್ರೀಟ್ ನಿಂತಿತು ಎನ್ನೋಣ; ಆ ದಿನಗಳಲ್ಲಿ ಕೆಲಸಗಾರರನ್ನು ಕರೆಯಲಿಲ್ಲ, ಸಂಬಳ ಕೊಡಲಿಲ್ಲ. ಹದಿನೈದು ಜನ ಬೇಕಿದ್ದಲ್ಲಿ ಒಂಬತ್ತೇ ಜನ ಬಂದರೂ ಮಾಡಿದ ಕೆಲಸದ ದರ ಏರುವುದಿಲ್ಲ, ಕೆಲಸದ ವೇಗ ಮಾತ್ರ ಇಳಿಯುತ್ತದೆ. ವಿಳಂಬದ ಬೆಲೆ ತಡವಾದ ತಿಂಗಳಲ್ಲಿ ಪುಸ್ತಕಕ್ಕೆ ಏರುವುದು ಅಪರೂಪ. ಸೆಂಟ್ರಿಂಗ್ ಸಾಮಾನಿನ ಹೆಚ್ಚುವರಿ ಬಾಡಿಗೆ, ಮಳೆಯಲ್ಲಿ ಹೊದಿಸುವ ಟಾರ್ಪಾಲು, ಕೊನೆಯಲ್ಲಿ ರಾತ್ರಿ ಪಾಳಿಯ ಕೂಲಿ, ಇವೆಲ್ಲ ಮುಂದಿನ ತಿಂಗಳುಗಳಲ್ಲಿ ಬಂದು ಆ 4 ಲಕ್ಷವನ್ನು ನುಂಗಬಹುದು.

ಇನ್ನು 30 ಲಕ್ಷದ ಕೆಲಸ ಹಿಂದೆ ಬಿದ್ದಿದೆ ಎಂದರೆ ಎಷ್ಟು ದಿನ ಎಂದರ್ಥ? ರೂಪಾಯಿಯಲ್ಲಿ ಹೇಳುವ ವಿಳಂಬಕ್ಕೆ ದೊಡ್ಡ ದೋಷವೊಂದಿದೆ. ಕಟ್ಟಡ ಅಕ್ಟೋಬರಿನ ಬದಲು ಮರುವರ್ಷದ ಫೆಬ್ರವರಿಗೆ ಮುಗಿದರೂ, ಮುಗಿದ ದಿನ ಗಳಿಸಿದ ಮೌಲ್ಯ ಪೂರ್ತಿ 2 ಕೋಟಿ 40 ಲಕ್ಷವೇ ಆಗಿರುವುದರಿಂದ ವ್ಯತ್ಯಾಸ ಸೊನ್ನೆಯಾಗುತ್ತದೆ; ನಾಲ್ಕು ತಿಂಗಳ ವಿಳಂಬ ಕಾಗದದ ಮೇಲೆ ಅಳಿಸಿಹೋಗುತ್ತದೆ. 2003ರಲ್ಲಿ ವಾಲ್ಟ್ ಲಿಪ್ಕೆ ಇದಕ್ಕೆ ಪರಿಹಾರವಾಗಿ ‘ಗಳಿಸಿದ ಕಾಲ’ದ ಲೆಕ್ಕವನ್ನು ಮುಂದಿಟ್ಟರು. ಇಂದಿನ ಗಳಿಕೆಯನ್ನು ಯೋಜನೆ ಯಾವ ದಿನ ತಲುಪಬೇಕಿತ್ತು ಎಂದು ಹುಡುಕುವುದೇ ಆ ವಿಧಾನ. ನಮ್ಮ ಯೋಜನೆಯಲ್ಲಿ ಮಾರ್ಚ್ ಕೊನೆಗೆ 96 ಲಕ್ಷ, ಏಪ್ರಿಲ್ ಕೊನೆಗೆ 1 ಕೋಟಿ 20 ಲಕ್ಷ ಎಂದಿದ್ದರೆ, ಮೇ ಕೊನೆಯಲ್ಲಿ ನಿಂತಿರುವ ಕಟ್ಟಡ ವಾಸ್ತವವಾಗಿ ಏಪ್ರಿಲ್ ಕೊನೆಯಲ್ಲಿದೆ, ಅಂದರೆ ಒಂದು ತಿಂಗಳು ಹಿಂದಿದೆ.

ಅದೂ ಆವರಣ ಗೋಡೆಯನ್ನು ಸೇರಿಸಿಕೊಂಡು. ತಾರಸಿಗೆ ಮರಳಿಲ್ಲದ ದಿನಗಳಲ್ಲಿ ಕೈಗೆ ಸಿಕ್ಕ ಕೆಲಸ ಮಾಡಿಸಿದ್ದು ಗುತ್ತಿಗೆದಾರನ ತಪ್ಪಲ್ಲ, ಆದರೆ ಆ 8 ಲಕ್ಷದ ಗಳಿಕೆ ತಾರಸಿಯನ್ನು ಒಂದು ದಿನವೂ ಹತ್ತಿರ ತರುವುದಿಲ್ಲ. ಅದನ್ನು ಬದಿಗಿಟ್ಟು 1 ಕೋಟಿ 12 ಲಕ್ಷಕ್ಕೆ ಲೆಕ್ಕ ಹಾಕಿದರೆ ಕಟ್ಟಡ ಸುಮಾರು ಏಪ್ರಿಲ್ 20ರ ಸ್ಥಿತಿಯಲ್ಲಿದ್ದು, ವಿಳಂಬ ನಲವತ್ತು ದಿನಗಳಷ್ಟಾಗುತ್ತದೆ. ಈ ನಲವತ್ತು ದಿನಗಳೂ ಎಲ್ಲ ದಿನಗಳು ಒಂದೇ ಎಂಬ ಎಣಿಕೆಯವು. ಜೂನ್ ಹಿಡಿದರೆ ನದಿಯ ಮರಳು ತೆಗೆಯುವುದು ನಿಲ್ಲುತ್ತದೆ, ಕಾಂಕ್ರೀಟ್ ಹಾಕಲು ಮಳೆಯ ಬಿಡುವಿಗೆ ಕಾಯಬೇಕು, ತಾರಸಿಯಿಲ್ಲದ ಅಂತಸ್ತಿನಲ್ಲಿ ಗಾರೆಯನ್ನೂ ವಿದ್ಯುತ್ ಕೆಲಸವನ್ನೂ ಹಿಡಿಯುವಂತಿಲ್ಲ. ಆದ್ದರಿಂದ ಮೇ ಕೊನೆಯ ಸಭೆಯಲ್ಲಿ ಮಂಡಳಿ ಕೇಳಬೇಕಾದದ್ದು ಮರಳು ಎಲ್ಲಿಂದ ಬರುತ್ತದೆ, ಅದು ಸಿಗದಿದ್ದರೆ ಎಂ-ಸ್ಯಾಂಡ್ ತರಿಸಿ ಜೂನ್ ಮೊದಲ ವಾರದೊಳಗೆ ತಾರಸಿ ಹಾಕಲು ಸಾಧ್ಯವೇ, ಅದಕ್ಕೆ ಆ 4 ಲಕ್ಷ ಸಾಲುತ್ತದೆಯೇ ಎಂಬುದನ್ನು.