ಕಲೆಯ ನೇರ ಮೇಲೆ ತೂತು ಇರುತ್ತದೆಯೇ? ಶೀಟಿನ ಮಾಡು ಸೋರುವಾಗ ಮೂಲ ಹುಡುಕುವ ಬಗೆ

ಪ್ರಶ್ನೆ: ನಮ್ಮದು ತಗಡಿನ ಶೀಟಿನ ಮನೆ, ಒಳಗೆ ಪಿವಿಸಿ ಸೀಲಿಂಗ್ ಮಾಡಿಸಿದ್ದೇವೆ. ಎರಡು ಮಳೆಗಾಲದಿಂದ ಹಜಾರದ ಒಂದೇ ಜಾಗದಲ್ಲಿ ನೀರು ತೊಟ್ಟಿಕ್ಕುತ್ತಿದೆ. ಅದರ ನೇರ ಮೇಲೆ ಶೀಟಿಗೆ ಮೂರು ಸಲ ಟಾರು ಹಚ್ಚಿಸಿದೆವು, ಆದರೂ ನಿಲ್ಲಲಿಲ್ಲ. ಇದಕ್ಕಿಂತ ಗಟ್ಟಿಯಾದ ಗಮ್ ಯಾವುದಿದೆ, ತಿಳಿಸುತ್ತೀರಾ?

ಉತ್ತರ: ಪ್ರತಿ ವರ್ಷ ಜೂನ್ ತಿಂಗಳಲ್ಲಿ ಈ ಪ್ರಶ್ನೆ ಬರುತ್ತದೆ, ಊರು ಬೇರೆ ಬೇರೆಯಾದರೂ ವಿವರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಯಾವ ಗಮ್ ಎಂಬುದನ್ನು ನಾನು ಈಗ ಹೇಳುವುದಿಲ್ಲ. ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದೇ ಗೊತ್ತಿಲ್ಲದಿರುವಾಗ ಎಷ್ಟು ಬೆಲೆಯ ಗಮ್ ತಂದರೂ ಅದು ಸೋರದ ಜಾಗಕ್ಕೆ ಹಚ್ಚಿದ ಗಮ್ ಆಗುತ್ತದೆ. ನಿಮ್ಮ ಮನೆಯಲ್ಲಿ ಮೂರು ಸಲವೂ ಆದದ್ದು ಅದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಏಕೆಂದರೆ ನಿಮ್ಮ ಪ್ರಶ್ನೆಯೊಳಗೇ 'ಅದರ ನೇರ ಮೇಲೆ' ಎಂಬ ಮಾತಿದೆ.

ಈ ನೇರ ಮೇಲೆ ಎಂಬ ನಂಬಿಕೆಯನ್ನು ಬಿಡಿಸುವುದು ಬಹಳ ಕಷ್ಟ. ಸೀಲಿಂಗಿನಲ್ಲಿ ಕಲೆ ಕಾಣುತ್ತದೆ, ಹೊರಗೆ ಹೋಗಿ ಅಂದಾಜಿನಲ್ಲಿ ಅದರ ಮೇಲಿನ ಜಾಗವನ್ನು ಗುರುತಿಸುತ್ತಾರೆ, ಅಲ್ಲಿ ಒಂದೆರಡು ಸ್ಕ್ರೂ ಕಂಡರೆ ಸಾಕು, ಸುತ್ತ ಟಾರು ಬಳಿದು ಇಳಿಯುತ್ತಾರೆ. ಕಾಂಕ್ರೀಟ್ ತಾರಸಿಯಲ್ಲಿಯೂ ನೀರು ನೇರವಾಗಿ ಇಳಿಯುತ್ತದೆಂಬ ಖಾತರಿಯಿಲ್ಲ. ಶೀಟಿನ ಮಾಡಿನಲ್ಲಂತೂ ಅದು ನೇರವಾಗಿ ಇಳಿಯುವುದೇ ಅಪರೂಪ, ಏಕೆಂದರೆ ಹೊರಗಿನ ತೂತಿನಿಂದ ನಿಮ್ಮ ನೆಲದವರೆಗೆ ಬರುವಷ್ಟರಲ್ಲಿ ನೀರು ಮೂರು ಕಡೆ ದಾರಿ ಬದಲಿಸುತ್ತದೆ.

ಮೊದಲನೆಯ ದಾರಿ ಶೀಟಿನ ಅಡಿಮೈ. ತೂತಿನಿಂದ ಒಳಬಂದ ನೀರು ಸ್ವಲ್ಪವೇ ಆಗಿದ್ದರೆ ಅದು ತಕ್ಷಣ ಕೆಳಗೆ ಉದುರದೆ ತಗಡಿಗೆ ಅಂಟಿಕೊಂಡು, ಉಬ್ಬಿನ ಪಕ್ಕದಿಂದ ತಗ್ಗಿಗೆ ಜಾರಿ, ಆ ತಗ್ಗಿನ ಅಡಿಯಲ್ಲೇ ಇಳಿಜಾರಿನ ಕಡೆಗೆ ಹರಿಯುತ್ತದೆ. ಪಾತ್ರೆಯಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿದಾಗ ಅದು ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗುಂಟ ಇಳಿಯುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡನೆಯ ದಾರಿ ಶೀಟನ್ನು ಹೊತ್ತಿರುವ ಅಡ್ಡಪೈಪು, ಅಂದರೆ ಕೆಲಸಗಾರರು ಪರ್ಲಿನ್ ಎಂದು ಕರೆಯುವ ಕಬ್ಬಿಣದ ಪೈಪು. ಶೀಟಿನ ತಗ್ಗು ಈ ಪೈಪಿನ ಮೇಲೆಯೇ ಕೂತಿರುವುದರಿಂದ, ಇಳಿದು ಬಂದ ನೀರು ಅದಕ್ಕೆ ತಗುಲಿ ನಿಲ್ಲುತ್ತದೆ, ಆಮೇಲೆ ಪೈಪು ಯಾವ ಕಡೆಗೆ ಒಂದಿಷ್ಟು ಬಾಗಿದೆಯೋ ಆ ಕಡೆಗೆ ಅಡ್ಡಲಾಗಿ ಸಾಗುತ್ತದೆ. ವೆಲ್ಡಿಂಗ್ ಮಾಡಿದ ಗಂಟು ಅಥವಾ ಪೈಪು ಜಗ್ಗಿದ ಜಾಗ ಸಿಕ್ಕಲ್ಲಿ ಹನಿಯಾಗಿ ಬೀಳುತ್ತದೆ. ಮೂರನೆಯ ದಾರಿ ಸೀಲಿಂಗಿನ ಬೆನ್ನು. ಪಿವಿಸಿ ಹಲಗೆ ನೀರನ್ನು ಹೀರುವುದಿಲ್ಲವಾದ್ದರಿಂದ, ಬಿದ್ದ ಹನಿ ಹಲಗೆಗಳ ಕೂಡುಗೆರೆಯಗುಂಟ ಹರಿದು, ಲೈಟಿಗಾಗಿ ಕೊರೆದ ತೂತೋ ಫ್ಯಾನಿನ ಕೊಕ್ಕೆಯ ಸಂದೋ ಸಿಕ್ಕಲ್ಲಿ ಕೆಳಗಿಳಿಯುತ್ತದೆ. ಆದ್ದರಿಂದ ನೀವು ನೋಡುತ್ತಿರುವ ಕಲೆ ನೀರು ಹೊರಬರುವ ಬಾಗಿಲು ಮಾತ್ರ. ಒಳಬರುವ ಬಾಗಿಲು ಸಾಮಾನ್ಯವಾಗಿ ಅದಕ್ಕಿಂತ ಮೇಲ್ಗಡೆ, ಮಾಡಿನ ನೆತ್ತಿಯ ದಿಕ್ಕಿನಲ್ಲಿ, ಎಡಕ್ಕೋ ಬಲಕ್ಕೋ ಸರಿದು ಇರುತ್ತದೆ.

ಅಂದಾಜಿಗೆ ಟಾರು ಬಳಿಯುವುದರಿಂದ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಇನ್ನೂ ಎರಡು ಕೇಡುಗಳಿವೆ. ಒಂದು ಶೀಟಿನ ಕೊನೆ ಇನ್ನೊಂದರ ಮೇಲೆ ಕೂರುವ ಓವರ್‌ಲ್ಯಾಪಿನ ಕೆಳಅಂಚಿಗೆ ಟಾರು ತುಂಬಿದರೆ, ಸಂದಿಗೆ ನುಗ್ಗಿದ ನೀರು ಹೊರಗೆ ಹರಿದುಹೋಗುವ ದಾರಿಯೇ ಮುಚ್ಚಿಹೋಗಿ, ಅಲ್ಲಿ ನಿಂತ ನೀರು ಒಳಕ್ಕೆ ಇಳಿಯುತ್ತದೆ. ಸೋರದಿದ್ದ ಸಂದು ಸೋರಲು ಆರಂಭವಾಗುವುದು ಹೀಗೆ. ಎರಡನೆಯದಾಗಿ, ಸ್ಕ್ರೂ ಸುತ್ತಲಿನ ತುಕ್ಕಿನ ಗೆರೆ, ಸೀಳಿದ ವಾಷರು, ನೀರು ಹರಿದ ಗುರುತು ಎಲ್ಲವೂ ಟಾರಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಮುಂದೆ ಹುಡುಕಲು ಬರುವವನಿಗೆ ಬೇಕಾದ ಸುಳಿವುಗಳು ಅವೇ ಆಗಿದ್ದವು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ನಾವು ಹುಡುಕಿದ ಕ್ರಮವನ್ನು ಪೂರ್ತಿಯಾಗಿ ಹೇಳುತ್ತೇನೆ. ನಿಮ್ಮ ಮನೆಯ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇರುವಂತಿದೆ.

ಮೊದಲು ಆ ಭಾಗದ ಲೈಟಿನ ಎಂಸಿಬಿ ಇಳಿಸಿ, ಒಳಗಿನ ಅಳತೆ ತೆಗೆದೆವು. ಸೂರಿನ ಕಡೆಯ ಗೋಡೆಯ ಒಳಮೈಯಿಂದ ಕಲೆಗೆ 7 ಅಡಿ, ಪಕ್ಕದ ಗೋಡೆಯಿಂದ 5 ಅಡಿ. ಹೊರಗೆ ಇದೇ ಬಿಂದುವನ್ನು ಹಿಡಿಯಬೇಕಾದರೆ ಗೋಡೆಯ ದಪ್ಪ 9 ಅಂಗುಲವನ್ನೂ ಗೋಡೆಯಿಂದಾಚೆ ಚಾಚಿದ ಸೂರಿನ ಎರಡೂವರೆ ಅಡಿಯನ್ನೂ ಕೂಡಿಸಲೇಬೇಕು. ಹೀಗೆ ಸೂರಿನ ಅಂಚಿನಿಂದ ಅದು 10 ಅಡಿ 3 ಅಂಗುಲವಾಯಿತು. ಮಾಡಿನ ಇಳಿಜಾರು ಸುಮಾರು 15 ಡಿಗ್ರಿ ಇದ್ದುದರಿಂದ ಶೀಟಿನ ಮೇಲೆ ಟೇಪು ಹಿಡಿದಾಗ 4 ಅಂಗುಲ ಹೆಚ್ಚಾಗಿ 10 ಅಡಿ 7 ಅಂಗುಲ ಬರಬೇಕು. ಇಳಿಜಾರು 30 ಡಿಗ್ರಿ ಇದ್ದಿದ್ದರೆ ಈ ವ್ಯತ್ಯಾಸ ಒಂದೂವರೆ ಅಡಿಯಷ್ಟಾಗುತ್ತಿತ್ತು. ಮೇಲೆ ಹತ್ತಿ ಅಳೆದಾಗ ಮನೆಯವರು ಟಾರು ಬಳಿಸಿದ್ದ ಜಾಗ ಸೂರಿನ ಅಂಚಿನಿಂದ 8 ಅಡಿಯಲ್ಲಿತ್ತು, ಅಂದರೆ ಸೂರಿನ ಚಾಚನ್ನು ಲೆಕ್ಕಕ್ಕೆ ಹಿಡಿಯದೆ ಕಲೆಗಿಂತಲೂ ಕೆಳಗೆ ಹಚ್ಚಿದ್ದರು. ಕೆಳಗಿನಿಂದ ನೀರು ಹತ್ತಿ ಬರುವುದಿಲ್ಲ.

ಆಮೇಲೆ ಕಲೆಯ ಪಕ್ಕದ ಸೀಲಿಂಗ್ ಹಲಗೆಗಳನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಿದೆವು. ಈ ಒಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ಅರ್ಧ ಉತ್ತರ ಸಿಗುವುದು ಇಲ್ಲಿಯೇ. ಶೀಟಿನ ಅಡಿಯಲ್ಲೂ ಪೈಪಿನ ಮೇಲೂ ವರ್ಷಗಟ್ಟಲೆ ಕೂತ ದೂಳಿರುತ್ತದೆ, ನೀರು ಹರಿದ ಕಡೆ ಆ ದೂಳು ತೊಳೆದುಹೋಗಿ ತೆಳ್ಳಗಿನ ಗೆರೆ ಉಳಿದಿರುತ್ತದೆ. ಅಲ್ಲಿ ಕಲೆಯ ಮೇಲಿನ ಪೈಪಿನಗುಂಟ ಎಡಕ್ಕೆ ಅಂಥ ಒಂದು ಗೆರೆ ಹೋಗಿತ್ತು, ಸುಮಾರು 3 ಅಡಿ ದೂರದಲ್ಲಿ ಪೈಪನ್ನು ಬಿಟ್ಟು ಶೀಟಿನ ತಗ್ಗಿನಲ್ಲಿ ಮೇಲಕ್ಕೆ ತಿರುಗಿ ಕತ್ತಲಲ್ಲಿ ಮರೆಯಾಗಿತ್ತು.

ಗೆರೆ ಕಂಡಿತೆಂದು ಅಲ್ಲಿಗೆ ನಿಲ್ಲಿಸಬಾರದು. ಅದು ಹಳೆಯ, ಈಗಾಗಲೇ ಮುಚ್ಚಿದ ತೂತಿನದ್ದೂ ಆಗಿರಬಹುದು. ಮಳೆ ಹೊಳವಾಗಿ ಶೀಟು ಒಣಗಿದ ಒಂದು ದಿನ ನೀರಿನ ಪೈಪು ಹಿಡಿದು ಪರೀಕ್ಷೆ ಮಾಡಿದೆವು. ಒಬ್ಬರು ಮೇಲೆ, ಒಬ್ಬರು ಒಳಗೆ ಬಿಚ್ಚಿದ ಸೀಲಿಂಗಿನ ಬಳಿ ಗಡಿಯಾರ ನೋಡುತ್ತ. ಇಲ್ಲಿ ಒಂದೇ ನಿಯಮ: ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ನೆತ್ತಿಯಿಂದ ಆರಂಭಿಸಿದರೆ ನೀರು ಹರಿದು ಕೆಳಗಿನ ಎಲ್ಲ ಸ್ಕ್ರೂಗಳೂ ಸಂದುಗಳೂ ಒಟ್ಟಿಗೆ ಒದ್ದೆಯಾಗುತ್ತವೆ, ಆಗ ಹನಿ ಬಿದ್ದರೂ ಯಾವುದರಿಂದ ಬಿತ್ತೆಂದು ಹೇಳಲಾಗದು. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಚಿಮ್ಮಿಸುವುದೂ ತಪ್ಪು, ಮಳೆ ಎಂದೂ ಆ ರಭಸದಲ್ಲಿ ಸಂದಿಗೆ ನುಗ್ಗುವುದಿಲ್ಲ. ನೀರನ್ನು ಸುಮ್ಮನೆ ಹರಿಯಬಿಡಬೇಕು, ಪ್ರತಿ ಜಾಗದಲ್ಲೂ 15 ನಿಮಿಷ ಕಾಯಬೇಕು.

ಸೂರಿನ ಬಳಿ 15 ನಿಮಿಷ ನೀರು ಬಿಟ್ಟೆವು, ಹನಿ ಬೀಳಲಿಲ್ಲ. ಕಲೆಯ ನೇರ ಮೇಲೆ, ಅಳೆದು ಗುರುತಿಸಿದ 10 ಅಡಿ 7 ಅಂಗುಲದ ಜಾಗದಲ್ಲಿ ಮತ್ತೆ 15 ನಿಮಿಷ ಬಿಟ್ಟೆವು, ಆಗಲೂ ಹನಿ ಬೀಳಲಿಲ್ಲ. ಮನೆಯ ಯಜಮಾನರನ್ನು ಒಳಗೆ ನಿಲ್ಲಿಸಿ ಇದನ್ನು ಅವರ ಕಣ್ಣಿನಿಂದಲೇ ನೋಡುವಂತೆ ಮಾಡಿದೆ, ನಾನು ಬಾಯಲ್ಲಿ ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ. ಅಲ್ಲಿಂದ 4 ಅಡಿ ಮೇಲಿನ ಸ್ಕ್ರೂ ಸಾಲಿನ ಬಲಭಾಗದಲ್ಲಿ ಬಿಟ್ಟಾಗಲೂ ಏನೂ ಆಗಲಿಲ್ಲ. ಅದೇ ಸಾಲಿನಲ್ಲಿ 3 ಅಡಿ ಎಡಕ್ಕೆ ಸರಿದು ಬಿಟ್ಟ ಆರನೆಯ ನಿಮಿಷಕ್ಕೆ ಒಳಗಿನಿಂದ ಕೂಗು ಬಂತು. ನಲ್ಲಿ ನಿಲ್ಲಿಸಿದ ಮೇಲೂ ಅಡ್ಡಪೈಪಿನ ಮೇಲೆ ಉಳಿದ ನೀರು ಬಹಳ ಹೊತ್ತು ತೊಟ್ಟಿಕ್ಕುತ್ತಲೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಾಗಕ್ಕೆ ಹೋಗುವ ಮುನ್ನ ಹಿಂದಿನ ಹನಿ ಪೂರ್ತಿ ನಿಲ್ಲಬೇಕು, ಇಲ್ಲವಾದರೆ ತಪ್ಪು ಜಾಗದ ಮೇಲೆ ಆರೋಪ ಬರುತ್ತದೆ.

ಆ ಜಾಗದಲ್ಲಿ ಸ್ಕ್ರೂ ಸರಿಯಾಗಿಯೇ ಇತ್ತು. ಅದರ ಎರಡು ಅಂಗುಲ ಕೆಳಗೆ, ಉಬ್ಬಿನ ಪಕ್ಕದಲ್ಲಿ, ಖಾಲಿ ತೂತೊಂದಿತ್ತು. ಶೀಟು ಹೊದಿಸುವಾಗ ಸ್ಕ್ರೂ ಪೈಪಿಗೆ ಸಿಗದೆ ತಪ್ಪಿದೆ, ಅದನ್ನು ಬಿಚ್ಚಿ ಮೇಲೆ ಇನ್ನೊಂದು ಹೊಡೆದಿದ್ದಾರೆ, ಹಳೆಯ ತೂತನ್ನು ಮುಚ್ಚಿಲ್ಲ. ಪೆನ್ಸಿಲ್ಲಿಗಿಂತ ಸಣ್ಣದಾದ ಆ ತೂತಿನಲ್ಲಿ ಪಾಚಿ ಹಿಡಿದಿದ್ದರಿಂದ ನಿಂತು ನೋಡಿದರೆ ಕಾಣುತ್ತಿರಲಿಲ್ಲ, ಕೂತು ಕೈಯಾಡಿಸಿದಾಗ ಸಿಕ್ಕಿತು. ನಿಮ್ಮ ಮನೆಯಲ್ಲಿ ಬೇರೆಯದೇ ಕಾರಣವಿರಬಹುದು: ಅತಿಯಾಗಿ ಬಿಗಿದು ರಬ್ಬರ್ ವಾಷರು ಹೊರಗೆ ಉಬ್ಬಿ ಸೀಳಿರಬಹುದು, ಓರೆಯಾಗಿ ಹೊಡೆದ ಸ್ಕ್ರೂವಿನ ವಾಷರು ಒಂದು ಬದಿಯಲ್ಲಿ ಎದ್ದಿರಬಹುದು. ಗಾಳಿಮಳೆಯಲ್ಲಿ ಮಾತ್ರ ಸೋರಿ ಸುಮ್ಮನೆ ಸುರಿಯುವ ಮಳೆಯಲ್ಲಿ ಸೋರದಿದ್ದರೆ, ಎರಚಲು ನುಗ್ಗುವ ನೆತ್ತಿಯ ರಿಡ್ಜ್ ಅಥವಾ ಗಾಳಿಗೆ ಮುಖ ಮಾಡಿದ ಓವರ್‌ಲ್ಯಾಪನ್ನು ಮೊದಲು ಅನುಮಾನಿಸಿ. ಎರಡು ಮಾಡುಗಳು ಕೂಡುವ ದೋಣಿಯಿದ್ದರೆ, ಪರೀಕ್ಷೆಗೆ ಮೊದಲೇ ಅದರಲ್ಲಿ ಕಟ್ಟಿಕೊಂಡ ಎಲೆ ತೆಗೆಯಿರಿ.

ಮೇಲೆ ಹತ್ತುವಾಗ ಸ್ಕ್ರೂ ಸಾಲಿನ ಮೇಲೆಯೇ ಕಾಲಿಡಿ, ಅದರಡಿ ಪೈಪಿರುತ್ತದೆ. ನೀರು ಬಿಟ್ಟ ಭಾಗದ ಮೇಲೆ ನಡೆಯಬೇಡಿ. ಸಿಮೆಂಟ್ ಶೀಟಾದರೆ ಯಾವ ಕಾರಣಕ್ಕೂ ನೇರವಾಗಿ ಕಾಲಿಡಬಾರದು, ಅದು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಪೈಪಿನಿಂದ ಪೈಪಿಗೆ ತಾಗುವಷ್ಟು ಉದ್ದದ ಹಲಗೆ ಹಾಕಿ ಅದರ ಮೇಲೆ ಹೋಗಬೇಕು.

ನೀವು ಕೇಳದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕಾಗಿದೆ, ಏಕೆಂದರೆ ಇಷ್ಟೆಲ್ಲ ಮಾಡಿಯೂ ತೂತು ಸಿಗದ ಮನೆಗಳಿವೆ. ಅಂಥವರನ್ನು ನಾನು ಕೇಳುವುದು ಒಂದೇ: ಮಳೆಯಿಲ್ಲದ ದಿನವೂ ಹನಿಯುತ್ತದೆಯೇ? ಡಿಸೆಂಬರ್, ಜನವರಿಯಲ್ಲಿ ಆಕಾಶ ಶುಭ್ರವಾಗಿರುವ ರಾತ್ರಿ ತಗಡು ಬಹಳ ತಣ್ಣಗಾಗುತ್ತದೆ, ಅಡುಗೆಮನೆಯ ಹಬೆ, ಬಚ್ಚಲಿನ ಹಬೆ, ಮಲಗಿದವರ ಉಸಿರಿನ ತೇವ ಎಲ್ಲವೂ ಸೀಲಿಂಗಿನ ಸಂದುಗಳಿಂದ ಮೇಲೇರಿ ಆ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಇದನ್ನು ಗುರುತಿಸುವುದು ಸುಲಭ. ಬೆಳಗಿನ ಜಾವ ಹಲಗೆ ಬಿಚ್ಚಿ ಟಾರ್ಚ್ ಹಾಕಿದರೆ ತೂತಿನ ಸೋರಿಕೆಯಲ್ಲಿ ಒಂದೇ ಗೆರೆ ಒದ್ದೆಯಾಗಿರುತ್ತದೆ, ಹಬೆಯ ನೀರಾದರೆ ಶೀಟಿನ ಅಡಿಮೈ ತುಂಬ ಸಣ್ಣ ಸಣ್ಣ ಹನಿಗಳು ಮುತ್ತಿಕೊಂಡಿರುತ್ತವೆ, ಬಿಸಿಲೇರಿದ ಮೇಲೆ ತಾವಾಗಿಯೇ ಮಾಯವಾಗುತ್ತವೆ. ಅಲ್ಲಿ ಮುಚ್ಚಬೇಕಾದ ತೂತೇ ಇಲ್ಲ. ಸೀಲಿಂಗಿಗೂ ಶೀಟಿಗೂ ನಡುವಿನ ಜಾಗದಲ್ಲಿ ಗಾಳಿಯಾಡಲು ಎರಡೂ ಬದಿಯ ಗೋಡೆಯಲ್ಲಿ ಜಾಲರಿ ಹಾಕಿದ ಕಿಂಡಿ ಬಿಡಿಸಬೇಕು, ಅಡುಗೆಮನೆಯ ಹಬೆಯನ್ನು ಎಕ್ಸಾಸ್ಟ್ ಫ್ಯಾನಿನಿಂದ ನೇರ ಮನೆಯ ಹೊರಗೆ ಬಿಡಿಸಬೇಕು. ಎಕ್ಸಾಸ್ಟ್ ಪೈಪನ್ನು ಸೀಲಿಂಗಿನ ಮೇಲಿನ ಖಾಲಿ ಜಾಗಕ್ಕೆ ಬಿಟ್ಟು ಕೈತೊಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ, ಅಲ್ಲಿ ಚಳಿಗಾಲದ ಬೆಳಗಿನಲ್ಲಿ ಶೀಟಿನ ಅಡಿಯಿಂದ ಬೀಳುವ ನೀರಿಗೆ ಬಕೆಟ್ ಇಡಬೇಕಾಗುತ್ತದೆ.