ಕೆಂಪು ನಿಂತಲ್ಲಿ ನಂಜು ನಿಂತಿರುವುದಿಲ್ಲ

ಗದ್ದೆಗೆ ಇಳಿದವರ ಕಾಲಿಗೆ ಗಾಯವಾಗುತ್ತದೆ, ಪಾದ ಕೆಂಪಾಗಿ ಊದುತ್ತದೆ, ಚೀಟಿಯಲ್ಲಿ ಸೆಲ್ಯುಲೈಟಿಸ್ ಎಂದು ಬರೆದು ಆ್ಯಂಟಿಬಯಾಟಿಕ್ ಕೊಡುತ್ತೇವೆ. ಬಹುಪಾಲು ಸಲ ಅಷ್ಟರಲ್ಲೇ ವಾಸಿಯೂ ಆಗುತ್ತದೆ. ಆದರೆ ಇದೇ ಮುಖ ಹೊತ್ತು ಇನ್ನೊಂದು ಕಾಯಿಲೆ ಬರುತ್ತದೆ: ನೆಕ್ರೋಟೈಸಿಂಗ್ ಫ್ಯಾಶಿಯೈಟಿಸ್. ಸೆಲ್ಯುಲೈಟಿಸ್ ಚರ್ಮದಲ್ಲಿ ಹಬ್ಬಿದರೆ, ಇದು ಕೊಬ್ಬಿನ ಕೆಳಗೆ ಸ್ನಾಯುವನ್ನು ಸುತ್ತಿಕೊಂಡಿರುವ ಫ್ಯಾಶಿಯಾ ಎಂಬ ಬಿಳಿ ಪೊರೆಯ ಗುಂಟ ಹರಿಯುತ್ತದೆ. ಆ ಪೊರೆಯನ್ನು ದಾಟಿ ಚರ್ಮಕ್ಕೆ ಹೋಗುವ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಚರ್ಮ ಸಾಯುವುದು ಆಮೇಲೆ. ಹಾಗಾಗಿ ಚರ್ಮವನ್ನಷ್ಟೇ ನೋಡಿ ತೀರ್ಮಾನಿಸಿದವರು ಕಾಯಿಲೆಗಿಂತ ಒಂದು ದಿನ ಹಿಂದೆ ಇರುತ್ತಾರೆ.

ಮಾತು ಸ್ಪಷ್ಟವಾಗಲಿ ಎಂದು ಒಬ್ಬ ಕಲ್ಪಿತ ರೋಗಿಯನ್ನು ಇಟ್ಟುಕೊಳ್ಳೋಣ. 54 ವರ್ಷದ ರೈತ, 60 ಕೆಜಿ ತೂಕ, ಸಕ್ಕರೆ ಕಾಯಿಲೆ ಇದೆ. ಎರಡು ದಿನದ ಹಿಂದೆ ಪಾದಕ್ಕೆ ಗುದ್ದಲಿ ತಗುಲಿದೆ. ನಿನ್ನೆ ಮಾತ್ರೆಯ ಜೊತೆಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಆಗಿದೆ. ರಾತ್ರಿ 9ಕ್ಕೆ ತಾಲ್ಲೂಕು ಆಸ್ಪತ್ರೆಗೆ ಬಂದಾಗ ಜ್ವರ ಇಲ್ಲ, ಕೆಂಪು ಹಿಮ್ಮಡಿ ಗಂಟಿನವರೆಗೆ ಮಾತ್ರ. ಆದರೆ ಮೀನಖಂಡ ಮುಟ್ಟಲು ಹೋದರೆ, "ಮುಟ್ಟಬೇಡಿ ಡಾಕ್ಟ್ರೇ, ಪ್ರಾಣ ಹೋಗ್ತದೆ" ಅನ್ನುತ್ತಾನೆ. ನಾಡಿ 124, ಬಿಪಿ 96/60.

ಜ್ವರ ಇಲ್ಲ ಎಂಬುದಕ್ಕೆ ಇಲ್ಲಿ ಬೆಲೆ ಕೊಡಬಾರದು, ಡೈಕ್ಲೋಫೆನಾಕ್ ಅದನ್ನು ಇಳಿಸಿರಬಹುದು. ನೋಡಬೇಕಾದದ್ದು ಹೊಂದಿಕೆಯಾಗದ ಎರಡು ಸಂಗತಿಗಳನ್ನು. ಕಾಣುವ ಗಾಯಕ್ಕೂ ನೋವಿಗೂ ತಾಳೆಯಿಲ್ಲ. ಕೆಂಪು ಮುಗಿದ ಮೇಲೂ ಊತ ಮತ್ತು ನೋವು ಮುಂದುವರಿದಿವೆ. ಕೆಂಪಿನ ಅಂಚಿನಿಂದ ಒಂದು ಗೇಣು ಮೇಲೆ ಬೆರಳಿಟ್ಟು ಒತ್ತಿ. ಸೆಲ್ಯುಲೈಟಿಸ್‌ನಲ್ಲಿ ಅಲ್ಲಿ ಮಾಂಸ ಮೆತ್ತಗಿರುತ್ತದೆ. ಈ ಕಾಯಿಲೆಯಲ್ಲಿ ಹಲಗೆ ಮುಟ್ಟಿದಷ್ಟು ಬಿಗಿಯಾಗಿರಬಹುದು. ನಮ್ಮವರ ಕಂದು ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣುವುದೇ ಅಪರೂಪ, ಹೊಳೆಯುವ ಕಪ್ಪು ಛಾಯೆ ಕಾಣುತ್ತದೆ. ಸೊಪ್ಪಿನ ಪಟ್ಟು ಹಾಕಿಕೊಂಡು ಬಂದಿದ್ದರೆ ಮೊದಲು ಅದನ್ನು ತೊಳೆಯಿರಿ. ನೇರಳೆ ಕಲೆ, ರಕ್ತ ಬೆರೆತ ಬೊಬ್ಬೆ, ಒತ್ತಿದರೆ ಚರಚರ ಅನ್ನುವ ಗಾಳಿ, ಇವೆಲ್ಲ ತಡವಾಗಿ ಬರುವ ಗುರುತುಗಳು. ಗಾಳಿಯಂತೂ ಬಹಳ ಜನರಲ್ಲಿ ಬರುವುದೇ ಇಲ್ಲ. ಬೊಬ್ಬೆ ನೋಡಿ ಹುಳ ಮುಟ್ಟಿದೆ, ಸರ್ಪಸುತ್ತು ಎಂದು ದಿನ ಕಳೆಯುವುದೂ ಉಂಟು. ಸಿಕ್ಕಾಪಟ್ಟೆ ಇದ್ದ ನೋವು ಇದ್ದಕ್ಕಿದ್ದಂತೆ ಇಳಿದು ಚರ್ಮ ಜೋಮು ಹಿಡಿದಂತಾದರೆ ಖುಷಿಪಡಬೇಡಿ, ಅಲ್ಲಿ ನರ ಸತ್ತಿರುತ್ತದೆ.

ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯಿರಿ. ನಮ್ಮ ರೋಗಿಯಲ್ಲಿ 9ಕ್ಕೆ ಎಳೆದ ಗೆರೆಯನ್ನು ಊತ 10ಕ್ಕೇ ಎರಡು ಬೆರಳು ದಾಟಿದೆ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 17,800, ಹಿಮೋಗ್ಲೋಬಿನ್ 11.8, ಸೋಡಿಯಂ 128, ಕ್ರಿಯಾಟಿನಿನ್ 1.4, ಸಕ್ಕರೆ 318. ಇದಕ್ಕೆಂದೇ LRINEC ಎಂಬ ಅಂಕಪಟ್ಟಿಯೊಂದಿದೆ, 6 ಅಂಕ ಮುಟ್ಟಿದರೆ ಅನುಮಾನ ಬಲ. ಸೋಡಿಯಂಗೆ 2, ಬಿಳಿ ಕಣಕ್ಕೆ 1, ಹಿಮೋಗ್ಲೋಬಿನ್‌ಗೆ 1, ಸಕ್ಕರೆಗೆ 1, ಕ್ರಿಯಾಟಿನಿನ್ 1.6 ದಾಟದ್ದರಿಂದ ಸೊನ್ನೆ. ಒಟ್ಟು 5, ಅಂದರೆ ಪಟ್ಟಿಯ ಪ್ರಕಾರ ಅಪಾಯ ಕಡಿಮೆ! ರಾತ್ರಿ ಸಿಆರ್‌ಪಿ ಪರೀಕ್ಷೆ ಇಲ್ಲದಿದ್ದುದೇ ಇದಕ್ಕೆ ಕಾರಣ. ಅದು ಲೀಟರಿಗೆ 150 ಮಿ.ಗ್ರಾಂ ಮುಟ್ಟಿದ್ದರೆ 4 ಸೇರಿ 9 ಆಗುತ್ತಿತ್ತು. ಈ ಪಟ್ಟಿ ಅನುಮಾನವನ್ನು ಬಲಪಡಿಸಲು ಸರಿ, ಅನುಮಾನವನ್ನು ತಳ್ಳಿಹಾಕಲು ಬಳಸಬಾರದು. ಸ್ಕ್ಯಾನ್ ವಿಷಯವೂ ಅಷ್ಟೇ. ಸಿಟಿ ಪಕ್ಕದ ಕೋಣೆಯಲ್ಲಿದ್ದು ಬಿಪಿ ಸ್ಥಿರವಾಗಿದ್ದರೆ ಮಾಡಿಸಿ, ಎಂಆರ್‌ಐಗೆ ಸರದಿ ಕಾಯುವ ರೋಗವಲ್ಲ ಇದು.

ಅನುಮಾನ ಉಳಿದರೆ ತೀರ್ಮಾನ ಕೊಡುವುದು ಕತ್ತಿಯೇ. ಹೆಚ್ಚು ನೋವಿರುವ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, 2 ಸೆಂ.ಮೀ. ಉದ್ದ ಕೊಯ್ದು, ಫ್ಯಾಶಿಯಾ ಮುಟ್ಟುವವರೆಗೆ ಇಳಿಯಬೇಕು. ಆರೋಗ್ಯವಂತ ಫ್ಯಾಶಿಯಾ ಬಿಳಿಯಾಗಿ ಹೊಳೆಯುತ್ತದೆ, ಕೊಯ್ದ ಅಂಚು ರಕ್ತ ಸುರಿಸುತ್ತದೆ, ಬೆರಳು ತೂರಿಸಿದರೆ ಕೊಬ್ಬು ಬಿಟ್ಟುಕೊಡುವುದಿಲ್ಲ. ಕಾಯಿಲೆ ಇದ್ದರೆ ಪೊರೆ ಬೂದು ಬಣ್ಣಕ್ಕೆ ತಿರುಗಿರುತ್ತದೆ, ರಕ್ತವೇ ಬರುವುದಿಲ್ಲ, ಮುಸುರೆ ನೀರಿನಂಥ ತೆಳು ದ್ರವ ಒಸರುತ್ತದೆ, ಬೆರಳು ಕೊಬ್ಬಿಗೂ ಪೊರೆಗೂ ನಡುವೆ ಬೆಣ್ಣೆಯಲ್ಲಿ ಹೋದಂತೆ ಜಾರುತ್ತದೆ. ಗಟ್ಟಿ ಕೀವು ಬರಲಿಲ್ಲ ಎಂದು ಹೊಲಿದು ಕಳಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಕೀವು ಕಾಣದಿರುವುದೇ ಇದರ ಸ್ವಭಾವ.

ಅದೇ ಕಾರಣಕ್ಕೆ ಕೀವು ಬಿಡಿಸುವಂತೆ ಸಣ್ಣ ಗಾಯ ಮಾಡಿ ಬಟ್ಟೆ ತುರುಕಿದರೆ ಉಪಯೋಗವಿಲ್ಲ. ಬೆರಳು ಎಲ್ಲಿಯವರೆಗೆ ಸಲೀಸಾಗಿ ಜಾರುತ್ತದೋ ಅಲ್ಲಿಯವರೆಗೂ ಚರ್ಮ ತೆರೆದು, ಸತ್ತದ್ದನ್ನೆಲ್ಲ ರಕ್ತ ಸುರಿಯುವ ಅಂಚು ಸಿಗುವ ತನಕ ಕತ್ತರಿಸಿ ತೆಗೆಯಬೇಕು. ಆಮೇಲೆ ಚರ್ಮ ಹೇಗೆ ಮುಚ್ಚುವುದು ಎಂಬ ಚಿಂತೆ ಆ ರಾತ್ರಿಯದಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬಂದ 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ಸುಮಾರು 19%, ತಡವಾದವರಲ್ಲಿ 32%. ತಾಲ್ಲೂಕಿನಲ್ಲಿ ಸರ್ಜನ್, ಅರಿವಳಿಕೆ ತಜ್ಞರು ಇಲ್ಲದಿದ್ದರೆ ಬೆಳಗಿನವರೆಗೆ ಗಮನಿಸೋಣ ಅನ್ನದೆ ಆಗಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಚೀಟಿಯಲ್ಲಿ ಬರೀ ಸೆಲ್ಯುಲೈಟಿಸ್ ಎಂದಿದ್ದರೆ ಅಲ್ಲಿಯೂ ವಾರ್ಡಿಗೆ ಹೋಗುತ್ತಾನೆ. ಕಾಯಿಲೆಯ ಹೆಸರು, ಗೆರೆ ಎಳೆದ ಹೊತ್ತು ಎರಡನ್ನೂ ಬರೆದು, ಅಲ್ಲಿನ ಸರ್ಜನ್‌ಗೆ ಫೋನ್ ಮಾಡಿ.

ಆ್ಯಂಬುಲೆನ್ಸ್ ಬರುವಷ್ಟರಲ್ಲಿ ರಕ್ತದ ಕಲ್ಚರ್ ತೆಗೆದು ಆ್ಯಂಟಿಬಯಾಟಿಕ್ ಶುರುವಾಗಬೇಕು. ಬಿಪಿ ಬಿದ್ದಿರುವುದರಿಂದ ಸಲೈನ್ ಕೂಡ. ಕೆಜಿಗೆ 30 ಮಿ.ಲೀ. ಲೆಕ್ಕದಲ್ಲಿ 1.8 ಲೀಟರ್, ಮೂರು ಗಂಟೆಯೊಳಗೆ, ಹೃದಯದ ಮೇಲೆ ಕಣ್ಣಿಟ್ಟು. ಒಂದೇ ಔಷಧಿ ಏಕೆ ಸಾಲದು ಎಂದರೆ ಮೊದಲ ರಾತ್ರಿ ಕ್ರಿಮಿ ಯಾವುದೆಂದು ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಹಲವು ಕ್ರಿಮಿಗಳು ಕೂಡಿರಬಹುದು, ಇಲ್ಲವೇ ಸ್ಟ್ರೆಪ್ಟೋಕಾಕಸ್ ಒಂದೇ ಇರಬಹುದು. ಪೈಪರಾಸಿಲಿನ್-ಟ್ಯಾಜೋಬ್ಯಾಕ್ಟಮ್ 4.5 ಗ್ರಾಂ ವಿಶಾಲವಾಗಿ ಬಲೆ ಬೀಸುತ್ತದೆ. ಎಂಆರ್‌ಎಸ್‌ಎಗೆ ವ್ಯಾಂಕೋಮೈಸಿನ್, ಕೆಜಿಗೆ 25 ಮಿ.ಗ್ರಾಂನಂತೆ 1.5 ಗ್ರಾಂ. ಮೂರನೆಯದು ಕ್ಲಿಂಡಾಮೈಸಿನ್ 900 ಮಿ.ಗ್ರಾಂ, 8 ಗಂಟೆಗೊಮ್ಮೆ. ಇದರ ಕೆಲಸವೇ ಬೇರೆ. ಸ್ಟ್ರೆಪ್ಟೋಕಾಕಸ್ ತುಂಬಿ ತುಳುಕುವಾಗ ಅದರ ಬೆಳವಣಿಗೆ ನಿಧಾನವಾಗುತ್ತದೆ, ಬೆಳೆಯದ ಕ್ರಿಮಿಯ ಮೇಲೆ ಪೆನಿಸಿಲಿನ್ ಗುಂಪು ಮಂಕಾಗುತ್ತದೆ. ಕ್ಲಿಂಡಾಮೈಸಿನ್ ಕ್ರಿಮಿ ವಿಷ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಬಗ್ಗದ ತಳಿಗಳೂ ಇರುವುದರಿಂದ ಒಂಟಿಯಾಗಿ ಕೊಡುವಂತಿಲ್ಲ.

ಕೈಗೆ ಒಂದೇ ಸೂಜಿ ಸಿಕ್ಕಿದ್ದರೆ ಕ್ರಮ ಮುಖ್ಯ. ವ್ಯಾಂಕೋಮೈಸಿನ್ ಹರಿಯಲು ಒಂದೂವರೆ ಗಂಟೆಯಾದರೂ ಬೇಕು, ಅದನ್ನು ಮೊದಲು ಹಾಕಿದರೆ ಉಳಿದವು ಕಾಯುತ್ತವೆ. ಪೈಪರಾಸಿಲಿನ್ ಮೊದಲು, ಆಮೇಲೆ ಕ್ಲಿಂಡಾಮೈಸಿನ್ ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ, ನೇರ ಚುಚ್ಚಬಾರದು. ಕಿಡ್ನಿ ಸೋಲುತ್ತಿದ್ದರೆ ವ್ಯಾಂಕೋಮೈಸಿನ್ ಬದಲು ಲೈನೆಝೋಲಿಡ್ 600 ಮಿ.ಗ್ರಾಂ ಒಳ್ಳೆಯದು, ಅದಕ್ಕೂ ವಿಷ ತಡೆಯುವ ಗುಣವಿದೆ. ಲಿವರ್ ಕೆಟ್ಟವರಿಗೆ ಕರಾವಳಿಯ ಉಪ್ಪುನೀರಿನಲ್ಲಿ ಗಾಯವಾಗಿದ್ದರೆ ವಿಬ್ರಿಯೋ ನೆನಪಿಟ್ಟು ಡಾಕ್ಸಿಸೈಕ್ಲಿನ್ ಸೇರಿಸಿ. ಆದರೆ ಇವೆಲ್ಲ ರಕ್ತ ಹರಿಯುವ ಕಡೆಗೆ ಮಾತ್ರ ತಲುಪುತ್ತವೆ. ಸತ್ತ ಪೊರೆಗೆ ನಾಳವೇ ಇಲ್ಲ.

ಕತ್ತರಿಸಿದ ತುಣುಕನ್ನು ಕಲ್ಚರ್‌ಗೂ ಬಯಾಪ್ಸಿಗೂ ಕಳಿಸಿ. ಗಾಯಕ್ಕೆ ಹತ್ತಿ ಸವರಿ ತೆಗೆದ ಮಾದರಿ ಮೇಲ್ಮೈಯ ಕ್ರಿಮಿಯನ್ನಷ್ಟೇ ತೋರಿಸಬಹುದು. ಸ್ಟ್ರೆಪ್ಟೋಕಾಕಸ್ ಒಂದೇ ಬಂದರೆ ಪೆನಿಸಿಲಿನ್ ಮತ್ತು ಕ್ಲಿಂಡಾಮೈಸಿನ್‌ಗೆ ಇಳಿಸಿ. ಮರುದಿನ, 24 ಗಂಟೆಯೊಳಗೆ, ರೋಗಿ ಚೆನ್ನಾಗಿ ಕಂಡರೂ ಮತ್ತೆ ಥಿಯೇಟರಿಗೆ ಕರೆದೊಯ್ದು ತೆರೆದು ನೋಡಬೇಕು. ನಿನ್ನೆ ರಕ್ತ ಸುರಿದ ಅಂಚು ಇಂದು ಬೂದಾಗಿರುವುದು ಅಪರೂಪವಲ್ಲ. ಕತ್ತರಿಸಲು ಇನ್ನೇನೂ ಉಳಿಯದೆ, ಬಿಪಿ ತಾನಾಗಿ ಸ್ಥಿರವಾಗಿ, ಜ್ವರ ಬಿಟ್ಟು 48ರಿಂದ 72 ಗಂಟೆಯಾದ ಮೇಲೆ ಆ್ಯಂಟಿಬಯಾಟಿಕ್ ನಿಲ್ಲಿಸಬಹುದು. ಚರ್ಮದ ಕಸಿ ಗಾಯದ ತಳ ಕೆಂಪಗೆ ಚಿಗುರಿದ ಮೇಲಿನ ಮಾತು.