ಮೂಲ ಬದಲಾಯ್ತು ಅಂತ ಅನುವಾದಕ್ಕೆ ಯಾರು ಹೇಳಬೇಕು? ಲಿನಕ್ಸ್ ಕರ್ನಲ್‌ನ ಚೀನೀ ದಾಖಲೆಗಳ ಹಿನ್ನೆಲೆ

ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡ್ ಇಳಿಸಿಕೊಂಡರೆ ಅದರೊಳಗೆ `Documentation/translations/zh_CN` ಅಂತ ಒಂದು ಫೋಲ್ಡರ್ ಸಿಗುತ್ತದೆ. ಚೀನಾದಲ್ಲಿ ಬಳಸುವ ಸರಳ ಲಿಪಿಯಲ್ಲಿರುವ ಅನುವಾದಗಳು ಅಲ್ಲಿವೆ. ಸಾಂಪ್ರದಾಯಿಕ ಲಿಪಿಗೆ ಪಕ್ಕದಲ್ಲೇ `zh_TW` ಇದೆ. ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಕೂಡ ಇವೆ. ಭಾರತದ ಭಾಷೆಗಳನ್ನು ಅಲ್ಲಿ ಹುಡುಕಬೇಡಿ.

ಈ ಕೆಲಸ ಶುರುವಾದದ್ದು 2007ರಲ್ಲಿ, HOWTO ಎಂಬ ಒಂದೇ ಕಡತದಿಂದ. ಕರ್ನಲ್‌ಗೆ ಪ್ಯಾಚ್ ಕಳಿಸುವುದು ಹೇಗೆ, ಯಾರಿಗೆ ಕಳಿಸಬೇಕು, ಯಾವ ನಿಯಮ ಪಾಲಿಸಬೇಕು ಅಂತ ಹೊಸಬರಿಗೆ ಹೇಳುವ ಕಡತ ಅದು. ಕೋಡ್ ಓದಬಲ್ಲವನಿಗೂ ಪದ್ಧತಿ ಗೊತ್ತಿಲ್ಲದಿದ್ದರೆ ಒಳಗೆ ಬರುವುದು ಕಷ್ಟ. ಹಾಗಾಗಿ ಮೊದಲು ಅನುವಾದವಾದದ್ದು ಪದ್ಧತಿಯ ಕಡತವೇ ಹೊರತು ತಾಂತ್ರಿಕ ವಿವರಣೆಯಲ್ಲ. ಸರಿಯಾದ ಆಯ್ಕೆಯೇ ಅನ್ನಿ.

ಆದರೆ ಆಗಲೇ ಒಂದು ತೊಡಕು ಎದುರಿಗಿತ್ತು. ಇಂಗ್ಲಿಷ್ ಮೂಲ ಬದಲಾಗುತ್ತಲೇ ಇರುತ್ತದೆ. ಅದನ್ನು ಬದಲಿಸುವವರಿಗೆ ಚೀನೀ ಬರುವುದಿಲ್ಲ, ಅನುವಾದವನ್ನು ತಿದ್ದಿ ಅಂತ ಅವರನ್ನು ಕೇಳುವ ಹಾಗೂ ಇಲ್ಲ. ಆಗಿನ ಪರಿಹಾರ ತೀರಾ ಸರಳ. ಪ್ರತಿ ಕಡತದ ನೆತ್ತಿಯ ಮೇಲೆ ಒಂದು ಒಕ್ಕಣೆ ಹಾಕಿದರು: ವಿಷಯದ ಬಗ್ಗೆ ತಕರಾರಿದ್ದರೆ ಮೂಲ ಕಡತ ನೋಡಿಕೊಳ್ಳುವವರಿಗೆ ಬರೆಯಿರಿ, ಅನುವಾದ ಹಳೆಯದಾಗಿದ್ದರೆ ಚೀನೀ ಕಡತ ನೋಡಿಕೊಳ್ಳುವವರಿಗೆ ಬರೆಯಿರಿ. ಕೆಳಗೆ ಅವರ ಹೆಸರು, ಇಮೇಲ್. ಅಂದರೆ ಕಡತ ಹಳಸಿದ್ದನ್ನು ಕಂಡುಹಿಡಿಯುವ ಕೆಲಸ ಓದುಗನ ತಲೆಗೆ ಬಿತ್ತು. ಇಂಗ್ಲಿಷ್ ಕಷ್ಟ ಅಂತಲೇ ಚೀನೀ ಕಡತ ಓದುತ್ತಿರುವ ಓದುಗ ಅವನು. ಎರಡನ್ನೂ ಹೋಲಿಸಿ ನೋಡುವುದು ಅವನ ಕೈಲಾಗುವ ಮಾತಲ್ಲ ಅಲ್ವಾ?

ಈಗಿನ ಒಕ್ಕಣೆ ಬೇರೆ ಇದೆ. ಇದು ಚೀನೀ ಓದುಗರ ಅನುಕೂಲಕ್ಕಾಗಿ ಮಾಡಿದ್ದು, ಮೂಲದಿಂದ ಕವಲೊಡೆದ ಬೇರೆ ದಾಖಲೆ ಅಲ್ಲ, ಏನಾದರೂ ತಿದ್ದಬೇಕಿದ್ದರೆ ಮೊದಲು ಇಂಗ್ಲಿಷ್ ಕಡತವನ್ನೇ ತಿದ್ದಲು ನೋಡಿ ಅನ್ನುತ್ತದೆ ಅದು. ಮೂಲದಲ್ಲಿ ಇಲ್ಲದ ಒಂದು ಒಳ್ಳೆಯ ವಿವರಣೆ ಅನುವಾದಕನಿಗೆ ಹೊಳೆದರೂ ಅದನ್ನು ಚೀನೀಯಲ್ಲಿ ಮಾತ್ರ ಸೇರಿಸುವ ಹಾಗಿಲ್ಲ. ಬಿಗಿ ನಿಯಮ ಅನ್ನಿಸಬಹುದು. ಆದರೆ ಎರಡೂ ಕಡತಗಳು ತಮ್ಮ ತಮ್ಮ ದಾರಿ ಹಿಡಿದರೆ ಮುಂದೆ ಹೋಲಿಕೆ ಮಾಡುವುದೇ ಆಗುವುದಿಲ್ಲ.

2016ರಲ್ಲಿ ಕರ್ನಲ್‌ನ ದಾಖಲೆಗಳು, ಪಠ್ಯ ಕಡತಗಳಿಂದ ಪುಟ ತಯಾರಿಸುವ ಸ್ಫಿಂಕ್ಸ್ ಎಂಬ ಸಾಧನದ ಕಡೆಗೆ ತಿರುಗಿದವು. ಮೊದಲು ಸಾದಾ ಪಠ್ಯವಾಗಿದ್ದ ಕಡತಗಳು ಒಂದೊಂದಾಗಿ ಗುರುತುಗಳಿರುವ ಪಠ್ಯವಾದವು. ಅನುವಾದಕರಿಗೆ ಇಲ್ಲಿ ಹೊಸ ತಲೆನೋವು ಶುರುವಾಯಿತು, ಯಾಕೆಂದರೆ ಆ ಗುರುತುಗಳ ನಿಯಮಗಳು ಇಂಗ್ಲಿಷ್ ಬರವಣಿಗೆಯನ್ನು ನೋಡಿ ಮಾಡಿದಂಥವು. ಶೀರ್ಷಿಕೆಯ ಉದಾಹರಣೆ ನೋಡಿ:

```
内核开发
========
```

ಮೇಲೆ ನಾಲ್ಕೇ ಅಕ್ಷರ, ಕೆಳಗೆ ಎಂಟು ಗೆರೆ. ಒಂದು ಚೀನೀ ಅಕ್ಷರ ಪರದೆಯ ಮೇಲೆ ಎರಡು ಇಂಗ್ಲಿಷ್ ಅಕ್ಷರದಷ್ಟು ಜಾಗ ತಿನ್ನುತ್ತದೆ. ಗೆರೆಯನ್ನು ಅಳೆಯುವುದು ಆ ಜಾಗದ ಲೆಕ್ಕದಲ್ಲಿ. ನಾಲ್ಕೇ ಗೆರೆ ಹಾಕಿದರೆ, ಅಡಿಗೆರೆ ಗಿಡ್ಡವಾಯಿತು ಅಂತ ಎಚ್ಚರಿಕೆ ಬರುತ್ತದೆ. ಅದು ವಾಸಿ. ಎರಡಕ್ಷರದ ಶೀರ್ಷಿಕೆಗೆ ಎರಡೇ ಗೆರೆ ಹಾಕಿದರೆ ಆಟ ಬೇರೆ. ಇಷ್ಟು ಗಿಡ್ಡ ಗೆರೆ ಶೀರ್ಷಿಕೆಯದ್ದಲ್ಲ ಅಂತ ಸಾಧನವೇ ತೀರ್ಮಾನಿಸಿ ಅದನ್ನು ಸಾದಾ ಸಾಲಾಗಿ ಅಚ್ಚು ಹಾಕುತ್ತದೆ. ಪುಟದ ಪರಿವಿಡಿಯಲ್ಲಿ ಆ ಭಾಗ ಕಾಣದಿದ್ದಾಗಲೇ ತಪ್ಪು ಗೊತ್ತಾಗುವುದು.

ಇನ್ನೊಂದು ಜಾಗದ ತಕರಾರು. ಚೀನೀಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಆದರೆ ಕೋಡ್ ಹೆಸರಿನ ಸುತ್ತ ಹಾಕುವ ಗುರುತಿಗೆ ಆಚೀಚೆ ಜಾಗ ಇಲ್ಲವೇ ವಿರಾಮಚಿಹ್ನೆ ಬೇಕು.

```
使用``kmalloc``分配内存
使用 ``kmalloc`` 分配内存
```

ಮೊದಲ ಸಾಲು ಚೀನೀ ಓದುಗರಿಗೆ ಸಹಜ, ಆದರೆ ಅದರಲ್ಲಿ ಗುರುತು ಕೆಲಸ ಮಾಡುವುದಿಲ್ಲ. ಎಚ್ಚರಿಕೆಯೂ ಬರುವುದಿಲ್ಲ. ಪುಟದಲ್ಲಿ ಆ ಗುರುತುಗಳೇ ಸುಮ್ನೆ ಅಚ್ಚಾಗಿರುತ್ತವೆ. ಅದಕ್ಕೇ ಪ್ಯಾಚ್ ಕಳಿಸುವ ಮುಂಚೆ `make htmldocs` ಓಡಿಸಿದರಷ್ಟೇ ಸಾಲದು, ತಯಾರಾದ ಪುಟವನ್ನು ಕಣ್ಣಾರೆ ನೋಡಬೇಕು.

ಇನ್ನು ಕೋಡ್ ಒಳಗಿನ ಕಾಮೆಂಟ್‌ಗಳು. ಕರ್ನಲ್‌ನಲ್ಲಿ ಅವು ಇಂಗ್ಲಿಷ್‌ನಲ್ಲೇ ಇರುತ್ತವೆ. ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ ಎಪಿಐ ದಾಖಲೆ ಹುಟ್ಟುವುದೇ ಆ ಕಾಮೆಂಟ್‌ಗಳಿಂದ. `include/linux/list.h` ಕಡತದಲ್ಲಿ ಹೀಗಿದೆ:

```
/**
 * list_add - add a new entry
 * @new: new entry to be added
 * @head: list head to add it after
```

ಇಂಗ್ಲಿಷ್ ಪುಟದಲ್ಲಿ `.. kernel-doc::` ಅಂತ ಒಂದು ಸಾಲು ಬರೆದರೆ ಈ ಕಾಮೆಂಟ್‌ಗಳೆಲ್ಲ ತಾವಾಗೇ ಪುಟಕ್ಕೆ ಬಂದು ಕೂರುತ್ತವೆ. ಅದೇ ಸಾಲನ್ನು ಚೀನೀ ಪುಟದಲ್ಲೂ ಇಟ್ಟರೆ ಬರುವುದು ಇಂಗ್ಲಿಷ್ ಪಠ್ಯವೇ. ಜೊತೆಗೆ ಒಂದೇ ಫಂಕ್ಷನ್ ಎರಡು ಕಡೆ ದಾಖಲಾಯಿತು ಅಂತ ಎಚ್ಚರಿಕೆಗಳ ಸಾಲು. ಹಾಗಾಗಿ ಅನುವಾದಕರು ಆ ಸಾಲನ್ನು ತೆಗೆದು, "ಈ ಎಪಿಐ ಕೆಳಗಿನ ಕೋಡ್ ಕಡತದಲ್ಲಿದೆ" ಅಂತ ಚೀನೀಯಲ್ಲಿ ಬರೆದು ಕಡತದ ಹೆಸರು ಕೊಟ್ಟರು. ನನ್ನ ಮಟ್ಟಿಗೆ ಇದು ಒಪ್ಪಬಹುದಾದ ರಾಜಿ. ಫಂಕ್ಷನ್ ವಿವರಣೆಯನ್ನು ಕೈಯಾರೆ ಅನುವಾದಿಸಿ ಇಟ್ಟಿದ್ದರೆ, ಕೋಡ್‌ನಲ್ಲಿ ಒಂದು ಪ್ಯಾರಾಮೀಟರ್ ಬದಲಾದ ದಿನವೇ ಅದು ಓದುಗನ ದಾರಿ ತಪ್ಪಿಸುತ್ತಿತ್ತು.

ಮತ್ತೆ ಹಳಸುವ ಪ್ರಶ್ನೆಗೇ ಬರೋಣ. ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಗಿಟ್ ಇತಿಹಾಸ. ಅನುವಾದದ ಕಡತ ಕೊನೆಗೆ ಬದಲಾದದ್ದು ಯಾವ ಕಮಿಟ್‌ನಲ್ಲಿ ನೋಡು, ಅಲ್ಲಿಂದೀಚೆ ಮೂಲದಲ್ಲಿ ಏನೇನು ಬದಲಾಗಿದೆ ತೋರಿಸು. ಕುಬರ್ನೆಟಿಸ್ ದಾಖಲೆಗಳ `lsync.sh` ಸ್ಕ್ರಿಪ್ಟ್ ಮಾಡುವುದು ಇದನ್ನೇ. ಅಲ್ಲಿನ ಚೀನೀ ಅನುವಾದ ತಂಡ ಇನ್ನೊಂದು ಜಾಣ ಕೆಲಸ ಮಾಡಿದೆ. ಪ್ರತಿ ಚೀನೀ ಪ್ಯಾರಾದ ಮೇಲೆ ಅದರ ಇಂಗ್ಲಿಷ್ ಮೂಲವನ್ನು ಕಾಣದ ಕಾಮೆಂಟ್ ಆಗಿ ಇಟ್ಟುಕೊಂಡಿದೆ. ಕಡತ ದಪ್ಪವಾಗುತ್ತದೆ, ನಿಜ. ಆದರೆ ಪರಿಶೀಲಿಸುವವರಿಗೆ ಎರಡೂ ಒಂದೇ ಕಡೆ ಸಿಗುತ್ತವೆ.

ಗಿಟ್ ಇತಿಹಾಸದ ಉಪಾಯದಲ್ಲಿ ಒಂದು ತೂತಿದೆ. ಒಂದು ಪುಟ ಜನವರಿಯಲ್ಲಿ ಅನುವಾದವಾಯಿತು ಅಂದುಕೊಳ್ಳಿ. ಮಾರ್ಚ್‌ನಲ್ಲಿ ಇಂಗ್ಲಿಷ್ ಪುಟದಲ್ಲಿ ಒಂದು ಡಿಫಾಲ್ಟ್ ಮೌಲ್ಯ ಬದಲಾಯಿತು. ಮೇ ತಿಂಗಳಲ್ಲಿ ಯಾರೋ ಚೀನೀ ಪುಟದ ಒಂದು ಅಲ್ಪವಿರಾಮ ಸರಿಪಡಿಸಿದರು. ಜೂನ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದರೆ ಅದು ಮೇ ನಂತರದ್ದನ್ನು ಮಾತ್ರ ನೋಡುತ್ತದೆ. ಪುಟ ಹೊಸದಾಗಿಯೇ ಇದೆ ಅನ್ನುತ್ತದೆ. ಮಾರ್ಚ್‌ನ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರ್ನಲ್ ಅನುವಾದಕರು ಇದಕ್ಕೆ ಹಿಡಿದ ದಾರಿ, ಯಾವ ಮೂಲಕ್ಕೆ ಹೊಂದಿಸಿದ್ದೇವೆ ಅಂತ ಕಮಿಟ್ ಸಂದೇಶದಲ್ಲೇ ಬರೆಯುವುದು. ಹ್ಯಾಶ್ ಇಲ್ಲಿ ಉದಾಹರಣೆಗೆ ಮಾತ್ರ:

```
Update the translation through commit 1a2b3c4d5e6f
```

2024ರಲ್ಲಿ ಕರ್ನಲ್‌ಗೆ ಸೇರಿದ `checktransupdate.py` ಸ್ಕ್ರಿಪ್ಟ್ ಈ ಸಾಲನ್ನು ಹುಡುಕುತ್ತದೆ. ಸಿಕ್ಕರೆ ಆ ಹ್ಯಾಶ್‌ನಿಂದೀಚೆ ಮೂಲದಲ್ಲಿ ಆದ ಕಮಿಟ್‌ಗಳನ್ನು ಪಟ್ಟಿ ಮಾಡುತ್ತದೆ. ಸಿಗದಿದ್ದರೆ ತಾರೀಖಿನ ಲೆಕ್ಕಕ್ಕೇ ಇಳಿಯುತ್ತದೆ. ಅಂದರೆ ಅಲ್ಪವಿರಾಮ ತಿದ್ದುವವರು ಕೂಡ ಈ ಸಾಲನ್ನು ಬರೆಯದಿದ್ದರೆ ಅದೇ ತೂತು ಮತ್ತೆ ತೆರೆಯುತ್ತದೆ.

ಕಡತದ ದಾರಿಯೂ ಹೊಂದಬೇಕು. ಸ್ಕ್ರಿಪ್ಟ್ ಮೂಲವನ್ನು ಪತ್ತೆ ಹಚ್ಚುವುದು ಕಡತದ ದಾರಿಯಿಂದ `translations/zh_CN` ತುಣುಕನ್ನು ತೆಗೆದುಹಾಕಿ. 2022ರಲ್ಲಿ ಮೆಮೊರಿ ದಾಖಲೆಗಳ `vm` ಫೋಲ್ಡರ್‌ಗೆ `mm` ಅಂತ ಹೆಸರಿಟ್ಟರು. ಇಂಥ ಹೊತ್ತಿನಲ್ಲಿ ಚೀನೀ ಫೋಲ್ಡರ್‌ನ ಹೆಸರನ್ನೂ ಬದಲಿಸದಿದ್ದರೆ ಅಲ್ಲಿನ ಕಡತಗಳಿಗೆ ಮೂಲವೇ ಇಲ್ಲದ ಹಾಗಾಗುತ್ತದೆ. ಅವುಗಳ ಒಳಗಿನ ಒಂದು ಅಕ್ಷರವೂ ತಪ್ಪಿರುವುದಿಲ್ಲ.